ವಿಷಯ: ಎಲೆಚುಕ್ಕಿ ರೋಗದ ಅಧ್ಯಾಯದ ಬಗ್ಗೆ ಆನ್‌ಲೈನ್ ಮಾತುಕತೆ – ಅಕ್ಟೋಬರ್ 29, 31 ಅಥವಾ ನವೆಂಬರ್ 3

ಮಾನ್ಯ ಮೇಡಂ ಅವರಿಗೆ,

ನಮಸ್ಕಾರಗಳು. ಅಡಿಕೆಯ ಎಲೆಚುಕ್ಕಿ ರೋಗದ ಕುರಿತ ನನ್ನ ಮೂರನೆಯ ಅಧ್ಯಾಯದ ಕರಡನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ಇಲ್ಲಿನ ಸಮಿತಿಗೆ ನವೆಂಬರ್ 10ರೊಳಗೆ ಅದನ್ನು ಒಪ್ಪಿಸಬೇಕು. ಅದಕ್ಕೆ ಮೊದಲು ನಿಮ್ಮೊಡನೆ ಮುಕ್ಕಾಲು ಗಂಟೆ ಮಾತನಾಡುವ ಆಸೆ.

ಕೆಳಗಿನ ಮೂರರಲ್ಲಿ ಯಾವುದು ನಿಮಗೆ ಅನುಕೂಲ? ದಿನ, ವೇಳೆ ಎರಡನ್ನೂ ಮೊದಲು ಭಾರತದ ಲೆಕ್ಕದಲ್ಲೇ ಬರೆದಿದ್ದೇನೆ.

1. ಅಕ್ಟೋಬರ್ 29, ಗುರುವಾರ, ಸಂಜೆ 7:30ರಿಂದ 8:15 (ಮ್ಯಾಡಿಸನ್‌ನಲ್ಲಿ ಅದೇ ಗುರುವಾರ ಬೆಳಿಗ್ಗೆ 9:00)

2. ಅಕ್ಟೋಬರ್ 31, ಶನಿವಾರ, ಬೆಳಿಗ್ಗೆ 7:00ರಿಂದ 7:45 (ಇಲ್ಲಿ ಹಿಂದಿನ ದಿನ, ಶುಕ್ರವಾರ ರಾತ್ರಿ 8:30)

3. ನವೆಂಬರ್ 3, ಮಂಗಳವಾರ, ಸಂಜೆ 7:30ರಿಂದ 8:15 (ಇಲ್ಲಿ ಅದೇ ಮಂಗಳವಾರ ಬೆಳಿಗ್ಗೆ 8:00)

ಒಂದನೆಯದಕ್ಕೂ ಮೂರನೆಯದಕ್ಕೂ ನಿಮ್ಮ ಕಡೆ ವೇಳೆ ಒಂದೇ ಆದರೂ ಇಲ್ಲಿ ಒಂದು ಗಂಟೆ ವ್ಯತ್ಯಾಸವಿರುವುದು ಕೈತಪ್ಪಲ್ಲ. ನವೆಂಬರ್ 1ರ ನಸುಕಿನಲ್ಲಿ ಇಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ಹತ್ತೂವರೆ ಗಂಟೆ ಇರುವ ಅಂತರ ಆಮೇಲೆ ಹನ್ನೊಂದೂವರೆ ಆಗುತ್ತದೆ. ನೀವು ಲೆಕ್ಕ ಹಾಕಬೇಕಾದದ್ದು ಏನೂ ಇಲ್ಲ. ಅದೇ ದಿನ ಅಲ್ಲಿ ರಾಜ್ಯೋತ್ಸವ. ಕಾರ್ಯಕ್ರಮಗಳ ಓಡಾಟವಿರುತ್ತದೆಂದು ಆ ಭಾನುವಾರವನ್ನು ಬಿಟ್ಟಿದ್ದೇನೆ.

ನನಗೆ ಮೊದಲನೆಯದಾದರೆ ತಿದ್ದಲು ಹೆಚ್ಚು ದಿನ ಸಿಗುತ್ತದೆ. ಆದರೆ ಇರುವಕ್ಕಿಯಿಂದ ಮನೆ ಮುಟ್ಟುವ ಹೊತ್ತಿಗೆ ನಿಮಗೆ ತಡವಾಗುವುದಾದರೆ ಶನಿವಾರದ ಬೆಳಗೇ ವಾಸಿ. ಮೂರೂ ಹೊಂದದಿದ್ದರೆ ನಿಮಗೆ ಬಿಡುವಿರುವ ವೇಳೆ ತಿಳಿಸಿ, ನಾನು ಹೊಂದಿಸಿಕೊಳ್ಳುತ್ತೇನೆ.

ಇಡೀ ಕರಡನ್ನು ಓದುವ ತೊಂದರೆ ತೆಗೆದುಕೊಳ್ಳಬೇಡಿ. ಎರಡನೆಯ ಕೋಷ್ಟಕವನ್ನು ನೋಡಿದರೆ ಸಾಕು. ಹೊಸನಗರ ಕಡೆಯ ತೋಟಗಳಲ್ಲಿ ಕೊಳೆರೋಗಕ್ಕೆಂದು ಒಮ್ಮೆ ಬೋರ್ಡೋ ಹೊಡೆದವರನ್ನೂ ಎರಡು ಸಲ ಹೊಡೆದವರನ್ನೂ ಅಲ್ಲಿ ಒಂದೇ ಗುಂಪಿಗೆ ಸೇರಿಸಿದ್ದೇನೆ. ಬೇರ್ಪಡಿಸಿದರೆ ಒಂದೊಂದು ಗುಂಪಿಗೂ ಉಳಿಯುವ ತೋಟಗಳು ತೀರ ಕಡಿಮೆ; ಸೇರಿಸಿಯೇ ಇಟ್ಟರೆ ಎಲೆಯ ಮೇಲೆ ಕಂಡ ವ್ಯತ್ಯಾಸ ಔಷಧಿಯದೋ ತೋಟದ ನೆರಳು, ತೇವದ್ದೋ ಹೇಳಲಾಗುವುದಿಲ್ಲ. ತೋಟ ತಿರುಗಿದ ನಿಮ್ಮ ಕಣ್ಣಿಗೆ ಯಾವುದು ಸರಿ ಎನ್ನಿಸುತ್ತದೆ ಎಂಬುದೇ ನನ್ನ ಮುಖ್ಯ ಪ್ರಶ್ನೆ. ಸಮಯ ಉಳಿದರೆ ಮಾತ್ರ ಚಿತ್ರಗಳ ವಿಷಯ.

ಅಕ್ಟೋಬರ್ 27, ಮಂಗಳವಾರ ರಾತ್ರಿಯೊಳಗೆ "1", "2" ಅಥವಾ "3" ಎಂದಷ್ಟೇ ಉತ್ತರಿಸಿದರೂ ಸಾಕು. ಗೂಗಲ್ ಮೀಟ್ ಕೊಂಡಿಯನ್ನು ಕೂಡಲೇ ಕಳುಹಿಸುತ್ತೇನೆ. ಮಾತಿನ ನಡುವೆ ಕರೆಂಟೋ ನೆಟ್‌ವರ್ಕೋ ಹೋದರೆ ಹತ್ತು ನಿಮಿಷ ಕಾದು ನಿಮ್ಮ ಮೊಬೈಲಿಗೆ ಕರೆ ಮಾಡುತ್ತೇನೆ. ಕೋಷ್ಟಕದ ಪುಟವನ್ನು ಮುದ್ರಿಸಿ ಎದುರಿಗೆ ಇಟ್ಟುಕೊಂಡಿದ್ದರೆ ಆಗ ಪರದೆ ಇಲ್ಲದೆಯೂ ಮುಂದುವರಿಸಬಹುದು.

ವಂದನೆಗಳೊಂದಿಗೆ,
ನಿಮ್ಮ ವಿದ್ಯಾರ್ಥಿನಿ
ಸುಮಾ
ಮ್ಯಾಡಿಸನ್, ವಿಸ್ಕಾನ್ಸಿನ್