ಇಂಟರ್ನ್‌ಶಿಪ್ ಹಾಜರಾತಿ ಪುಸ್ತಕದ ಫೋಟೊ: ಎಲ್ಲರಿಗೂ ಒಂದೇ ನಮೂನೆಯ ಹಾಳೆ

ವಾಣಿಜ್ಯ ವಿಭಾಗ
ಚಿಕ್ಕಮಗಳೂರು
12 ಜುಲೈ 2025

ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ,

ಜೂನ್ 2ರಂದು ಆರಂಭವಾದ ನಿಮ್ಮ ಇಂಟರ್ನ್‌ಶಿಪ್ ಇದೇ 19ರಂದು ಮುಗಿಯುತ್ತದೆ. ಜೂನ್ ತಿಂಗಳ ಹಾಜರಾತಿ ಎಂದು ನೀವು ಕಳುಹಿಸಿದ ಫೋಟೊಗಳನ್ನೆಲ್ಲ ನೋಡಿದ್ದೇನೆ. ಕೆಲವರದು ಅಡ್ಡ, ಕೆಲವರದು ಉದ್ದ. ಒಬ್ಬರು ಒಂದೇ ಪುಟವನ್ನು ಆರು ತುಂಡು ಮಾಡಿ ಕಳುಹಿಸಿದ್ದಾರೆ. ಇನ್ನೊಬ್ಬರ ಫೋಟೊದಲ್ಲಿ 16ರಿಂದ 21ರವರೆಗಿನ ಮನೆಗಳ ಮೇಲೆ ಮೊಬೈಲಿನ ನೆರಳು ಬಿದ್ದು, ಅಲ್ಲಿ ಸಹಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಆ ವಾರವಿಡೀ ಅವರು ಮಳೆಯಲ್ಲಿ ಬಸ್ಸು ಹಿಡಿದು ಕೊಪ್ಪಕ್ಕೆ ಹೋಗಿ ಬಂದದ್ದು ನನಗೆ ಗೊತ್ತು. ಮೌಲ್ಯಮಾಪನಕ್ಕೆ ಹೊರಗಿನಿಂದ ಬರುವವರಿಗೆ ಅದು ಗೊತ್ತಿರುವುದಿಲ್ಲ. ಅವರ ಮುಂದಿರುವುದು ಹಾಳೆ ಮಾತ್ರ. ಫೋಟೊ ಸರಿಯಿಲ್ಲ ಎಂಬ ಕಾರಣಕ್ಕೆ ನೀವು ದುಡಿದ ಒಂದು ದಿನವೂ ಲೆಕ್ಕದಿಂದ ಬಿಟ್ಟುಹೋಗಬಾರದು. ಆದ್ದರಿಂದ ಎಲ್ಲರೂ ಒಂದೇ ನಮೂನೆಯ ಹಾಳೆಯಲ್ಲಿ ಕೊಡಬೇಕು. ಜೂನ್ ತಿಂಗಳದನ್ನು ಈಗಾಗಲೇ ಕಳುಹಿಸಿದವರೂ ಹೊಸದಾಗಿ ಕೊಡಬೇಕು.

ಒಂದು ತಿಂಗಳಿಗೆ ಒಂದು ಹಾಳೆ, ಅಂದರೆ ಜೂನ್ ಮತ್ತು ಜುಲೈ ಸೇರಿ ಒಬ್ಬರಿಂದ ಎರಡು ಹಾಳೆ. ಎ4 ಅಳತೆ, ಅಡ್ಡ ವಿನ್ಯಾಸ. ಅಡ್ಡವೇ ಏಕೆಂದರೆ, ಹಾಜರಾತಿ ಪುಸ್ತಕ ಬಿಡಿಸಿದಾಗ ತಾರೀಖಿನ ಮನೆಗಳು ಎಡ ಪುಟದಿಂದ ಬಲ ಪುಟದವರೆಗೂ ಸಾಗುತ್ತವೆ. ಉದ್ದ ಹಾಳೆಯಲ್ಲಿ ಅದನ್ನು ಕೂರಿಸಿದರೆ ಸಹಿಗಳು ಇರುವೆ ಸಾಲಿನಂತೆ ಕಾಣುತ್ತವೆ. ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ಹೆಸರು, ರೋಲ್ ನಂಬರ್, ಸಂಸ್ಥೆಯ ಹೆಸರು ಮತ್ತು ಊರು, ತಿಂಗಳು. ನಡುವೆ ಫೋಟೊ. ಕೆಳಗೆ ಒಂದು ಸಾಲಿನ ಲೆಕ್ಕ, ಅದರ ಬಲಕ್ಕೆ ಸಂಸ್ಥೆಯ ಮೇಲ್ವಿಚಾರಕರ ಸಹಿ ಮತ್ತು ಮೊಹರು. ಇದಕ್ಕಿಂತ ಹೆಚ್ಚಿನದೇನೂ ಬೇಡ. ಬಣ್ಣದ ಅಂಚು, ಕಾಲೇಜಿನ ಲಾಂಛನ, ನಿಮ್ಮ ಭಾವಚಿತ್ರ ಯಾವುದನ್ನೂ ಸೇರಿಸಬೇಡಿ. ಖಾಲಿ ನಮೂನೆಯನ್ನು ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಹಾಕಿದ್ದೇನೆ. ಮುದ್ರಿಸಿದ ಪ್ರತಿಗಳು ವಿಭಾಗದಲ್ಲಿಯೂ ಇವೆ.

ಕೆಳಗಿನ ಲೆಕ್ಕದ ಸಾಲಿನಲ್ಲಿಯೇ ಹೆಚ್ಚು ಗೊಂದಲವಾಗಿದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇರುವವರಿಗೆ, ಆಡಿಟರ್ ಕಚೇರಿಯಲ್ಲಿ ಇರುವವರಿಗೆ ಅಂದು ಕೆಲಸ ಇರಬಹುದು. ಆದ್ದರಿಂದ ಗೆಳೆಯರ ಲೆಕ್ಕ ನೋಡಿ ಬರೆಯಬೇಡಿ, ನಿಮ್ಮ ಸಂಸ್ಥೆ ತೆರೆದಿದ್ದ ದಿನಗಳನ್ನು ಎಣಿಸಿ. ಜೂನ್ ತಿಂಗಳಲ್ಲಿ ಐದು ಭಾನುವಾರ, 14 ಮತ್ತು 28ರ ಶನಿವಾರ, 7ರ ಬಕ್ರೀದ್ ಕಳೆದರೆ ತಾಲ್ಲೂಕು ಕಚೇರಿಯಲ್ಲಿ ಇದ್ದವರಿಗೆ 22 ದಿನ ಉಳಿಯುತ್ತದೆ. ಅವರಲ್ಲಿ ಎರಡು ದಿನ ಹೋಗದವರು ಹೀಗೆ ಬರೆಯಬೇಕು: ಕೆಲಸದ ದಿನ 22, ಹಾಜರು 20, ಗೈರು 2. ಜ್ವರ ಬಂದು ಹೋಗಲಿಲ್ಲ, ಮರ ಬಿದ್ದು ರಸ್ತೆ ಬಂದ್ ಆಗಿತ್ತು ಎಂಬುದನ್ನು ಹಾಳೆಯಲ್ಲಿ ಬರೆಯಬೇಡಿ. ಅದಕ್ಕೆ ಬೇರೆ ರಜೆ ಅರ್ಜಿ ಕೊಡಿ, ಪರಿಗಣಿಸುತ್ತೇನೆ.

ಇನ್ನು ಫೋಟೊ ತೆಗೆಯುವ ಕ್ರಮ. ಪುಸ್ತಕವನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಚಪ್ಪಟೆಯಾಗಿ ಬಿಡಿಸಿ. ದಪ್ಪ ಪುಸ್ತಕವಾದರೆ ನಡುವಿನ ಹೊಲಿಗೆಯ ಬಳಿ ಹಾಳೆ ಬಾಗಿ, 15, 16ರ ಮನೆಗಳು ಒಳಗೆ ಮಡಿಚಿಕೊಳ್ಳುತ್ತವೆ. ಇನ್ನೊಬ್ಬರು ಎರಡೂ ಅಂಚನ್ನು ಮೆಲ್ಲಗೆ ಒತ್ತಿ ಹಿಡಿಯಲಿ. ಫ್ಲ್ಯಾಶ್ ಹಾಕಬೇಡಿ, ಶಾಯಿ ಹೊಳೆದು ಸಹಿ ಬೆಳ್ಳಗಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನಿಂತರೆ ನಿಮ್ಮ ನೆರಳೇ ಪುಟದ ಮೇಲೆ ಬೀಳುತ್ತದೆ, ಹಗಲು ಬೆಳಕೇ ಒಳ್ಳೆಯದು. ಮೊಬೈಲನ್ನು ಪುಟದ ನೇರ ಮೇಲೆ ಹಿಡಿದು, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಸೌಲಭ್ಯವನ್ನು ಬಳಸಿದರೆ ಅಂಚು ತಾನಾಗಿ ನೇರವಾಗುತ್ತದೆ. ಕಪ್ಪು-ಬಿಳುಪು ಮಾಡಬೇಡಿ, ಬಣ್ಣದಲ್ಲಿಯೇ ಇರಲಿ. ಹಲವು ಕಚೇರಿಗಳಲ್ಲಿ ಗೈರನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತಾರೆ. ಬಣ್ಣ ಹೋದರೆ ಅದು ಸಹಿಯಂತೆಯೇ ಕಾಣುತ್ತದೆ. ತೆಗೆದ ಕೂಡಲೇ ಹಿಗ್ಗಿಸಿ ನೋಡಿ, ತಾರೀಖು ಮತ್ತು ಸಹಿ ಎರಡೂ ಓದಲು ಬಂದರೆ ಮಾತ್ರ ಅಲ್ಲಿಂದ ಹೊರಡಿ. ಕಳಸ, ಶೃಂಗೇರಿಯಂಥ ಕಡೆ ಇರುವವರು ಒಂದು ಫೋಟೊಗಾಗಿ ಇನ್ನೊಮ್ಮೆ ಹೋಗಿ ಬರುವಂತೆ ಆಗಬಾರದು.

ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಪುಸ್ತಕ ಸಂಸ್ಥೆಯದು. ಅದರಲ್ಲಿ ಅಲ್ಲಿನ ನೌಕರರ ಹೆಸರು, ಸಹಿ, ಅವರು ರಜೆ ಹಾಕಿದ ದಿನ ಎಲ್ಲವೂ ಇರುತ್ತದೆ. ಅದನ್ನು ನಮ್ಮ ಕಾಲೇಜಿಗೆ ತರುವ ಹಕ್ಕು ನಮಗಿಲ್ಲ. ಮೇಲಿನ ತಾರೀಖಿನ ಸಾಲು ಮತ್ತು ನಿಮ್ಮ ಹೆಸರಿನ ಸಾಲು ಎರಡನ್ನು ಬಿಟ್ಟು, ಉಳಿದದ್ದನ್ನು ಬಿಳಿ ಕಾಗದದ ಪಟ್ಟಿಯಿಂದ ಮುಚ್ಚಿ ಆಮೇಲೆ ಫೋಟೊ ತೆಗೆಯಿರಿ. ಮೊದಲು ಮೇಲ್ವಿಚಾರಕರ ಒಪ್ಪಿಗೆ ಕೇಳಿ. ಫೋಟೊ ತೆಗೆಯಬಾರದು ಎಂದು ಅವರು ಹೇಳಿದರೆ ವಾದಿಸಬೇಡಿ, ಕದ್ದು ತೆಗೆಯಲೇಬೇಡಿ. ತಾರೀಖುವಾರು ಹಾಜರಾತಿಯ ಪತ್ರವನ್ನು ಅವರ ಸಹಿ, ಮೊಹರಿನೊಂದಿಗೆ ಪಡೆದು ಫೋಟೊದ ಜಾಗದಲ್ಲಿ ಅದನ್ನು ಹಾಕಿ, ಒಪ್ಪಿಕೊಳ್ಳುತ್ತೇನೆ. ಪುಟದ ಫೋಟೊವನ್ನು ಸ್ಟೇಟಸ್‌ಗೆ, ತರಗತಿಯ ಗುಂಪಿಗೆ ಹಾಕುವುದು ಬೇಡ.

ಹಾಗೆಯೇ, ಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋಗಿದ್ದರೆ ಅದನ್ನು ನೀವೇ ಈಗ ತುಂಬಬೇಡಿ, ಮೊಬೈಲಿನಲ್ಲಿ ತಿದ್ದಲೂಬೇಡಿ. ಮೇಲ್ವಿಚಾರಕರಿಗೆ ತಿಳಿಸಿ. ಅಂದು ನೀವು ಬಂದಿದ್ದಿರಿ ಎಂದು ಅವರು ಹಾಳೆಯ ಕೆಳಗೆ ಒಂದು ಸಾಲು ಬರೆದು ಸಹಿ ಮಾಡಿದರೆ ಸಾಕು.

ಫೋಟೊ ಕೂರಿಸಿದ ಹಾಳೆಯನ್ನು ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿಸಿ, ಸಹಿಯಾದ ಹಾಳೆಯನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಉಳಿಸಿ. ರೋಲ್ ನಂಬರ್ 7 ಇರುವವರ ಜೂನ್ ಹಾಳೆಯ ಹೆಸರು ಹೀಗಿರಬೇಕು:

```
BCOM_07_2025-06.pdf
```

ಒಂಟಿ ಅಂಕಿಯ ಹಿಂದಿನ ಸೊನ್ನೆ ಬಿಡಬೇಡಿ. ಅದಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕಡತಗಳ ಅನುಕ್ರಮ ತಪ್ಪುತ್ತದೆ. ಜುಲೈ ಹಾಳೆಗೆ ಕೊನೆಯಲ್ಲಿ 07 ಎಂದು ಬರೆಯಿರಿ. ಎರಡನ್ನೂ ಕ್ಲಾಸ್‌ರೂಮ್‌ನಲ್ಲಿಯೇ ಸಲ್ಲಿಸಿ. ನೆಟ್‌ವರ್ಕ್ ಸಿಗದೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲೇಬೇಕಾದವರು ಡಾಕ್ಯುಮೆಂಟ್ ಆಯ್ಕೆಯಲ್ಲಿ ಪಿಡಿಎಫ್ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ.

ಕೊನೆಯ ದಿನ ಜುಲೈ 25, ಶುಕ್ರವಾರ, ಸಂಜೆ 5 ಗಂಟೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಆದ್ದರಿಂದ 19ರಂದು ಸಂಸ್ಥೆ ಬಿಡುವ ಮೊದಲೇ ಫೋಟೊ, ಸಹಿ, ಮೊಹರು ಮೂರನ್ನೂ ಮುಗಿಸಿಕೊಳ್ಳಿ. ಮೂಲ ಹಾಳೆಗಳನ್ನು 28ರ ಸೋಮವಾರ ತರಗತಿಗೆ ತನ್ನಿ; ಪಂಚ್ ಮಾಡಬೇಡಿ, ಇಲ್ಲಿ ಒಟ್ಟಿಗೆ ಫೈಲ್ ಮಾಡುತ್ತೇವೆ.

ಒಳ್ಳೆಯ ಮೊಬೈಲ್ ಇಲ್ಲದವರು, ಹಾಳೆ ತಯಾರಿಸಲು ಬಾರದವರು ಸಂಕೋಚಪಡಬೇಡಿ, ಸೈಬರ್ ಅಂಗಡಿಗೆ ದುಡ್ಡು ಸುರಿಯಲೂಬೇಡಿ. 21ರಿಂದ 24ರವರೆಗೆ ಮಧ್ಯಾಹ್ನ 2ರಿಂದ 4ರವರೆಗೆ ವಿಭಾಗದ ಕಂಪ್ಯೂಟರ್ ಮತ್ತು ಸ್ಕ್ಯಾನರ್ ನಿಮಗಾಗಿ ತೆರೆದಿರುತ್ತದೆ, ನಾನೂ ಅಲ್ಲಿಯೇ ಇರುತ್ತೇನೆ. ಗೆಳೆಯರ ಮೊಬೈಲಿನಲ್ಲಿ ತೆಗೆದ ಫೋಟೊ ಇದ್ದರೂ ಸಾಕು, ತನ್ನಿ.

ನಿಮ್ಮ
ಇಂಟರ್ನ್‌ಶಿಪ್ ಸಂಯೋಜಕರು
ವಾಣಿಜ್ಯ ವಿಭಾಗ