ಕಾರ್ಯಕ್ರಮ ಮತ್ತು ನಿಧಿ ಸಂಗ್ರಹ ವ್ಯವಸ್ಥಾಪಕಿ, ಹುಬ್ಬಳ್ಳಿ | ಗದಗ, ಧಾರವಾಡ ಜಿಲ್ಲೆಗಳಲ್ಲಿ 12 ವರ್ಷ

ನನ್ನ ಬಗ್ಗೆ

ಊರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಎಂಟು ಎಕರೆ ಎರೆ ಹೊಲ. ಮಳೆ ಬಂದರೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿದೆ. 2013ರಿಂದ ಸ್ವಯಂಸೇವಾ ಸಂಸ್ಥೆಗಳಲ್ಲೇ ಕೆಲಸ: ಮೊದಲ ಆರು ವರ್ಷ ಗದಗಿನಲ್ಲಿ ಕ್ಷೇತ್ರ ಕಾರ್ಯಕರ್ತೆ, ಆಮೇಲೆ ಹುಬ್ಬಳ್ಳಿ ಕಚೇರಿ. 2021ರಿಂದ ಕಾರ್ಯಕ್ರಮ ನಡೆಸುವುದೂ ನನ್ನ ಕೆಲಸ, ಅದಕ್ಕೆ ದುಡ್ಡು ತರುವುದೂ ನನ್ನ ಕೆಲಸ.

2021ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ನಾಲ್ಕು ವರ್ಷದ ಲೆಕ್ಕ ಕೆಳಗಿದೆ. ಒಬ್ಬರ ಹೆಸರನ್ನು ಒಂದೇ ಸಲ ಎಣಿಸಿದ್ದೇನೆ. ಎರಡು ವರ್ಷ ಬಂದ ಮಗು ಇಬ್ಬರು ಮಕ್ಕಳಾಗುವುದಿಲ್ಲ ಅಲ್ವಾ? ಹಾಗೆ ಎಣಿಸಿದರೆ ನೇರವಾಗಿ ತಲುಪಿದವರು 1,232 ಜನ: 742 ಮಕ್ಕಳು, 164 ರೈತರು, 326 ಮಹಿಳೆಯರು. ಮನೆಗೆ ಐದು ಜನ ಅಂತ ಗುಣಿಸಿ ‘6,000ಕ್ಕೂ ಜಾಸ್ತಿ ಫಲಾನುಭವಿಗಳು’ ಅಂತ ಬರೆಯಬಹುದಿತ್ತು. ಬರೆದಿಲ್ಲ.

ತಂದ ದುಡ್ಡು

ನಾಲ್ಕು ವರ್ಷಕ್ಕೆ ಒಟ್ಟು 2 ಕೋಟಿ 62 ಲಕ್ಷ ರೂಪಾಯಿ. ವರ್ಷವಾರು ಹೀಗೆ:

2021-22: 38 ಲಕ್ಷ
2022-23: 61 ಲಕ್ಷ
2023-24: 84 ಲಕ್ಷ
2024-25: 79 ಲಕ್ಷ

ಕೊನೆಯ ವರ್ಷ 5 ಲಕ್ಷ ಇಳಿದಿದೆ. ಒಂದು ಕಂಪನಿ ತನ್ನ ಸಿಎಸ್‌ಆರ್ ದುಡ್ಡನ್ನು ಬೇರೆ ರಾಜ್ಯಕ್ಕೆ ತಿರುಗಿಸಿತು. ಅದು ನನಗೆ ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲೇ ಕೇಳಿ ತಿಳಿದುಕೊಳ್ಳಬೇಕಿತ್ತು, ಕೇಳಲಿಲ್ಲ. ಈಗ ಪ್ರತಿ ಕಂಪನಿಗೆ ನವೆಂಬರ್‌ನಲ್ಲೇ ಮುಂದಿನ ವರ್ಷದ ಮಾತು ತೆಗೆಯುತ್ತೇನೆ.

ಒಟ್ಟು ಮೊತ್ತದಲ್ಲಿ 1 ಕೋಟಿ 68 ಲಕ್ಷ ಐದು ಕಂಪನಿಗಳ ಸಿಎಸ್‌ಆರ್‌ನಿಂದ ಬಂತು. 52 ಲಕ್ಷ ದತ್ತಿ ಟ್ರಸ್ಟ್‌ಗಳಿಂದ. ಉಳಿದ 42 ಲಕ್ಷ ಸಾಮಾನ್ಯ ಜನರದ್ದು. ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಹಾಗಾಗಿ ಇದರಲ್ಲಿ ವಿದೇಶಿ ದೇಣಿಗೆಯ ಒಂದು ರೂಪಾಯಿಯೂ ಇಲ್ಲ.

ಕಂಪನಿಗಳಿಗೆ ಮತ್ತು ಟ್ರಸ್ಟ್‌ಗಳಿಗೆ ಬರೆದ ಪ್ರಸ್ತಾವನೆ 47, ಒಪ್ಪಿಗೆಯಾದದ್ದು 13. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಅದಕ್ಕೇ ಫೆಬ್ರುವರಿ ಬಂದರೆ ಫೋನ್ ಜಾಸ್ತಿ. ‘ಮಾರ್ಚ್ ಒಳಗೆ ಖರ್ಚು ಮಾಡ್ತೀರಾ?’ ಅನ್ನುವ ದುಡ್ಡು ಎರಡು ಸಲ ಬಂತು, ಎರಡೂ ಸಲ ಬೇಡ ಅಂದೆ. ಐದು ತಿಂಗಳ ಕೆಲಸ ಐದು ವಾರದಲ್ಲಿ ಆಗುವುದಿಲ್ಲ.

ಜನರ ದೇಣಿಗೆಯೇ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ಕೊಟ್ಟವರು 1,140 ಜನ. ಅದರಲ್ಲಿ 410 ಜನ ಒಂದಕ್ಕಿಂತ ಜಾಸ್ತಿ ಸಲ ಕೊಟ್ಟಿದ್ದಾರೆ. ತಿಂಗಳು ತಿಂಗಳು ಕೊಡುವವರು 186. ಅತಿ ಚಿಕ್ಕ ದೇಣಿಗೆ 51 ರೂಪಾಯಿ. ದುರ್ಗದ ಬೈಲಿನ ಒಬ್ಬ ಮಿರ್ಚಿ ವ್ಯಾಪಾರಿ ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆ ಮುಗಿಸಿ ಕಳಿಸುತ್ತಾರೆ. ಅಮಾವಾಸ್ಯೆ ತಪ್ಪಿದರೂ ಅವರ 51 ತಪ್ಪಿಲ್ಲ.

ನೂರು ರೂಪಾಯಿ ತರಲು ಆದ ಖರ್ಚು 7 ರೂಪಾಯಿ. ಇದರಲ್ಲಿ ನನ್ನ ಅರ್ಧ ಸಂಬಳವೂ ಸೇರಿದೆ. ಸಂಬಳ ಬಿಟ್ಟು ಲೆಕ್ಕ ಹಾಕಿದರೆ ಅಂಕಿ ಚೆಂದ ಕಾಣುತ್ತದೆ, ಆದರೆ ಸುಳ್ಳು.

80ಜಿ ರಸೀದಿ ಕೆಲಸವೂ ನನ್ನದೇ. ಮೊದಲ ವರ್ಷ 23 ಜನರ ಪ್ಯಾನ್ ನಂಬರ್ ತಪ್ಪಾಗಿ ಹಾಕಿದ್ದೆ. ಮೇ 31ರೊಳಗೆ ನಮೂನೆ 10ಬಿಡಿ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆ ಗಡಿಬಿಡಿಯಲ್ಲಿ ಆದ ತಪ್ಪು. 23 ಜನರಿಗೂ ನಾನೇ ಫೋನ್ ಮಾಡಿ, ಕ್ಷಮೆ ಕೇಳಿ, ತಿದ್ದುಪಡಿ ಸಲ್ಲಿಸಿದೆ. ಅವರಲ್ಲಿ 19 ಜನ ಮುಂದಿನ ವರ್ಷವೂ ಕೊಟ್ಟರು. ಈಗ ಪ್ಯಾನ್ ಸರಿ ಇಲ್ಲದೆ ರಸೀದಿ ಮುದ್ರಣವಾಗುವುದೇ ಇಲ್ಲ.

ಗುಳೆ ಹೋಗುವ ಮನೆಯ ಮಕ್ಕಳು (ಮುಂಡರಗಿ, ಶಿರಹಟ್ಟಿ ತಾಲ್ಲೂಕು, 14 ತಾಂಡಾ)

ದೀಪಾವಳಿ ಮುಗಿದ ಮೇಲೆ ಈ ತಾಂಡಾಗಳಲ್ಲಿ ಮನೆಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಕೆಲವರು, ಗೋವಾ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಕೆಲವರು. ಯುಗಾದಿ ಹೊತ್ತಿಗೆ ವಾಪಸ್. ಮಕ್ಕಳೂ ಜೊತೆಗೆ ಹೋದರೆ ಐದು ತಿಂಗಳ ಶಾಲೆ ಹೋಯಿತು ಅಂತಲೇ ಅರ್ಥ. ಮಕ್ಕಳು ಅಜ್ಜ ಅಜ್ಜಿಯ ಜೊತೆ ಊರಲ್ಲೇ ಉಳಿಯಲಿ, ಹಗಲು ಸರ್ಕಾರಿ ಶಾಲೆಗೆ ಹೋಗಲಿ, ಬೆಳಿಗ್ಗೆ ಸಂಜೆ ನಮ್ಮ ಕೇಂದ್ರದಲ್ಲಿ ಊಟ, ಓದು ಸಿಗಲಿ ಅನ್ನುವುದು ಕಾರ್ಯಕ್ರಮ. ಅಡುಗೆಯವರು, ಕಲಿಸುವವರು ಎಲ್ಲ ತಾಂಡಾದವರೇ.

ಶುರು ಮಾಡುವ ಮುಂಚೆ ಮನೆ ಮನೆಗೆ ಹೋಗಿ ಎಣಿಸಿದೆವು. 6ರಿಂದ 14 ವರ್ಷದ ಮಕ್ಕಳು 1,380. ಅವರಲ್ಲಿ 468 ಮಕ್ಕಳು ಗುಳೆ ಹೋಗುತ್ತಿದ್ದರು. ನಾಲ್ಕನೇ ವರ್ಷ 1,352 ಮಕ್ಕಳಲ್ಲಿ ಹೋದವರು 151.

ನಾಲ್ಕು ಹಂಗಾಮಿನ ದಾಖಲಾತಿ ಕೂಡಿದರೆ 1,126. ಮಕ್ಕಳು ಮಾತ್ರ 742, ಏಕೆಂದರೆ ಎಷ್ಟೋ ಮಕ್ಕಳು ಎರಡು ಮೂರು ವರ್ಷ ಬಂದವರು. ಖರ್ಚು 96 ಲಕ್ಷ. ಒಂದು ಮಗುವಿಗೆ ಒಂದು ಹಂಗಾಮಿಗೆ ಸುಮಾರು 8,500 ರೂಪಾಯಿ. ಎರಡನೇ ತರಗತಿಯ ಪಾಠ ತಡವರಿಸದೆ ಓದಬಲ್ಲವರು ಬಂದಾಗ 204 ಇದ್ದರು. ಕೊನೆಯ ಪರೀಕ್ಷೆಯಲ್ಲಿ 489.

2025ರ ಜೂನ್‌ನಲ್ಲಿ ಶಾಲೆ ಹಾಜರಿ ನೋಡಿ ಬಂದೆವು. 742ರಲ್ಲಿ 611 ಮಕ್ಕಳು ಓದುತ್ತಿದ್ದಾರೆ. ಉಳಿದ 131 ಮಕ್ಕಳಲ್ಲಿ 58 ಮಕ್ಕಳ ಮನೆಯವರು ಊರೇ ಬಿಟ್ಟಿದ್ದಾರೆ, 44 ಮಕ್ಕಳು ಶಾಲೆ ಬಿಟ್ಟಿದ್ದಾರೆ, 29 ಮಕ್ಕಳ ಸುದ್ದಿ ಸಿಕ್ಕಿಲ್ಲ. ಶಾಲೆ ಬಿಟ್ಟ 44ರಲ್ಲಿ 31 ಹುಡುಗಿಯರು, ಬಹುತೇಕ ಏಳನೇ ತರಗತಿ ಆದಮೇಲೆ. ಈ 31ಕ್ಕೆ ನಮ್ಮ ಕಾರ್ಯಕ್ರಮದಲ್ಲಿ ಏನೂ ಇಲ್ಲ. ಪ್ರೌಢಶಾಲೆ ದೂರ, ಬಸ್ಸು ದಿನಕ್ಕೆರಡು.

ಒಂದು ಘಟನೆ ಹೇಳಲೇಬೇಕು. ಮೊದಲ ವರ್ಷ ಜನವರಿಯಲ್ಲಿ ನಮ್ಮ ಪುಸ್ತಕದಲ್ಲಿ 318 ಮಕ್ಕಳಿದ್ದರು. ಒಂದು ಸಂಜೆ ಒಂದು ಕೇಂದ್ರಕ್ಕೆ ಹೇಳದೆ ಹೋದೆ. ಹಾಜರಿಯಲ್ಲಿ 27 ಹೆಸರು. ಅಡುಗೆ ಮಾಡುವ ಅಕ್ಕ ತೊಳೆದ ತಾಟುಗಳನ್ನು ಗೋಡೆಗೆ ಒರಗಿಸಿ ಇಡುತ್ತಿದ್ದರು. ಎಣಿಸಿದೆ: 21. ಅವರನ್ನೇ ಕೇಳಿದೆ. ‘ಅಕ್ಕಾರ, ಬರದದ್ದು ಎಷ್ಟರ ಇರ್ಲಿ, ಉಂಡವ್ರು ಇಷ್ಟ’ ಅಂದರು. ಮರುದಿನದಿಂದ ಒಂದು ವಾರ 14 ಕೇಂದ್ರದಲ್ಲೂ ತಾಟು ಎಣಿಸಿದೆವು. ಸಿಕ್ಕಿದ್ದು 261. ಯಾರೂ ಕದ್ದಿರಲಿಲ್ಲ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಬಂದು ಕರೆದುಕೊಂಡು ಹೋದ ಮಕ್ಕಳ ಹೆಸರು ಹೊಡೆದು ಹಾಕಿರಲಿಲ್ಲ, ಅಷ್ಟೇ.

ದುಡ್ಡು ಕೊಟ್ಟ ಕಂಪನಿಗೆ 261 ಅಂತಲೇ ವರದಿ ಕಳಿಸಿದೆ. ಅವರು ಎರಡನೇ ಕಂತಿನಲ್ಲಿ 1 ಲಕ್ಷ 80 ಸಾವಿರ ಕಡಿಮೆ ಮಾಡಿದರು. ಕಚೇರಿಯಲ್ಲಿ ನನ್ನ ಜೊತೆ ಎರಡು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಮುಂದಿನ ವರ್ಷ ಅದೇ ಕಂಪನಿ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಮೇಲಿನ 742, ಆ ವಾರದಿಂದ ಶುರುವಾದ ತಾಟಿನ ಲೆಕ್ಕಕ್ಕೆ ತಾಳೆ ನೋಡಿದ ಅಂಕಿ.

ಕೃಷಿಹೊಂಡದ ಹೂಳು (ರೋಣ, ನರಗುಂದ, ನವಲಗುಂದ)

ಹೊಸ ಹೊಂಡ ತೋಡಿಸಲು ಯೋಜನೆಗಳಿವೆ. ತುಂಬಿಹೋದ ಹಳೇ ಹೊಂಡ ಯಾರಿಗೂ ಬೇಡ. 164 ಹೊಂಡಗಳ ಹೂಳು ತೆಗೆಸಿದೆವು. ಒಂದಕ್ಕೆ ಸರಾಸರಿ 18,500 ರೂಪಾಯಿ. ಅದರಲ್ಲಿ 12,500 ನಮ್ಮದು, 6,000 ರೈತರದ್ದು. ಹೂಳನ್ನು ಟ್ರ್ಯಾಕ್ಟರ್‌ನಲ್ಲಿ ಅವರೇ ಹೊಲಕ್ಕೆ ಹಾಕಿಕೊಂಡರು.

2023ರ ಬರದಲ್ಲಿ ಇವುಗಳಲ್ಲಿ ನೀರು ನಿಂತಿದ್ದು 64ರಲ್ಲಿ ಮಾತ್ರ. ಮಳೆಯೇ ಬರದಿದ್ದರೆ ಹೊಂಡ ಏನು ಮಾಡೀತು? ಆ 64 ರೈತರಲ್ಲಿ 51 ಜನ ಕಡಲೆಗೆ ಒಂದು ನೀರು ಕೊಟ್ಟರು. ಅವರಿಗೆ ಎಕರೆಗೆ ಸರಾಸರಿ 3.1 ಕ್ವಿಂಟಲ್ ಬಂತು, ನೀರು ಕೊಡಲಾಗದ ಅಕ್ಕಪಕ್ಕದ ಹೊಲಗಳಲ್ಲಿ 1.7. ಇಷ್ಟೂ ಹೊಂಡದಿಂದಲೇ ಅಂತ ಹೇಳಲಾರೆ. ಪಂಪ್‌ಸೆಟ್, ಡೀಸೆಲ್‌ಗೆ ಕೈಯಲ್ಲಿ ದುಡ್ಡಿದ್ದವರೇ ನೀರು ಕೊಟ್ಟವರು.

ಹೊಲಿಗೆ ಮತ್ತು ಕಸೂತಿ

ಹುಬ್ಬಳ್ಳಿಯಲ್ಲಿ 240 ಮಹಿಳೆಯರಿಗೆ ಹೊಲಿಗೆ ತರಬೇತಿ ಕೊಟ್ಟೆವು. ಆರು ತಿಂಗಳ ನಂತರ ಅದರಿಂದ ದುಡಿಯುತ್ತಿದ್ದವರು 57. ಪ್ರಮಾಣಪತ್ರ ಹಂಚಿದ ಫೋಟೋ ಚೆನ್ನಾಗಿ ಬಂದಿತ್ತು. ಕಾರ್ಯಕ್ರಮ ನಿಲ್ಲಿಸೋಣ ಅಂತ ಆಡಳಿತ ಮಂಡಳಿಗೆ ನಾನೇ ಬರೆದುಕೊಟ್ಟೆ, 2023ರಲ್ಲಿ ನಿಂತಿತು. ಧಾರವಾಡ, ಕಲಘಟಗಿಯ 86 ಕಸೂತಿ ಕೆಲಸಗಾರರ ಗುಂಪು ಈಗಲೂ ನಡೆಯುತ್ತಿದೆ. ಒಬ್ಬರಿಗೆ ತಿಂಗಳಿಗೆ ಸರಾಸರಿ 2,900 ರೂಪಾಯಿ. ಮನೆ ನಡೆಸಲು ಸಾಲದು, ಆದರೆ ಕೈಗೆ ನೇರವಾಗಿ ಬರುವ ದುಡ್ಡು.

ಇದಕ್ಕೂ ಮುಂಚೆ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದಾಗ, 19 ದಿನದಲ್ಲಿ 11 ಲಕ್ಷ 40 ಸಾವಿರ ಸಂಗ್ರಹಿಸಿ 1,850 ಮನೆಗಳಿಗೆ ದಿನಸಿ, ಹೊದಿಕೆ ತಲುಪಿಸಿದ ತಂಡದಲ್ಲಿ ಹಂಚಿಕೆ ನನ್ನ ಜವಾಬ್ದಾರಿ. ಈ ಮೊತ್ತ, ಈ ಮನೆಗಳು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಭಾಷೆ, ಕೌಶಲ

ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ವರದಿ ಬರೆಯುತ್ತೇನೆ. ಲಂಬಾಣಿ ಮಾತು ಅರ್ಥವಾಗುತ್ತದೆ, ಮಾತಾಡಿದರೆ ತಾಂಡಾದ ಮಕ್ಕಳು ನಗುತ್ತಾರೆ. ಎಕ್ಸೆಲ್, ಟ್ಯಾಲಿ ಬರುತ್ತದೆ. ಒಂಬತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದಲ್ಲಿ ಬಿಟ್ಟು ಹೋದವರು ಇಬ್ಬರು.

ಹುಡುಕುತ್ತಿರುವ ಕೆಲಸ

ಗದಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಏಳನೇ ತರಗತಿ ದಾಟಿದ ಹುಡುಗಿಯರ ಓದಿನ ಮೇಲೆ ಕೆಲಸ ಮಾಡುವ, ಕನಿಷ್ಠ ಮೂರು ವರ್ಷದ ಕಾರ್ಯಕ್ರಮದ ಮುಖ್ಯಸ್ಥೆಯ ಹುದ್ದೆ. ಬೆಂಗಳೂರಿಗೆ ಬರಲಾರೆ. ಮೂರು ತಿಂಗಳ ನೋಟಿಸ್ ಕೊಡಬೇಕು. ಆಡಿಟ್ ವರದಿ, ಮನೆ ಸಮೀಕ್ಷೆಯ ಹಾಳೆಗಳು, ತಾಟಿನ ಲೆಕ್ಕದ ಪುಸ್ತಕ ಹುಬ್ಬಳ್ಳಿ ಕಚೇರಿಯಲ್ಲಿವೆ. ಸಂದರ್ಶನಕ್ಕೂ ಮುಂಚೆ ಬಂದು ನೋಡಬಹುದು.