ಬರ್ಜರ್ ಬಿಟ್ಟುಕೊಟ್ಟದ್ದು ಎಷ್ಟು? ಲೌಕಿಕೀಕರಣ ಸಿದ್ಧಾಂತ ಮತ್ತು ಧರ್ಮದ ಪುನರುತ್ಥಾನ

1968ರಲ್ಲಿ ಸಮಾಜಶಾಸ್ತ್ರಜ್ಞ ಪೀಟರ್ ಬರ್ಜರ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಭವಿಷ್ಯ ನುಡಿದರು. ಇಪ್ಪತ್ತೊಂದನೆಯ ಶತಮಾನದ ಹೊತ್ತಿಗೆ ಆಸ್ತಿಕರು ಸಣ್ಣಪುಟ್ಟ ಪಂಗಡಗಳಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು, ಲೋಕವನ್ನೆಲ್ಲ ಆವರಿಸಿದ ಲೌಕಿಕ ಸಂಸ್ಕೃತಿಗೆ ಎದುರಾಗಿ ಹೇಗೋ ದಿನ ದೂಡುತ್ತಿರುತ್ತಾರೆ ಎಂಬುದು ಅದರ ಸಾರ. 1999ರಲ್ಲಿ ಅದೇ ಬರ್ಜರ್, ಜಗತ್ತು ಹಿಂದೆಂದಿನಷ್ಟೇ ಧರ್ಮದ ಆವೇಶದಲ್ಲಿದೆ, ಸಮಾಜ ಆಧುನಿಕವಾದಂತೆ ಧರ್ಮ ಹಿಂದೆ ಸರಿಯುತ್ತದೆ ಎನ್ನುವ ಲೌಕಿಕೀಕರಣದ ಸಿದ್ಧಾಂತ ಮೂಲತಃ ತಪ್ಪು ಎಂದು ಬರೆದರು. ವಿದ್ವಾಂಸರು ಇಷ್ಟು ನೇರವಾಗಿ ತಪ್ಪೊಪ್ಪಿಕೊಳ್ಳುವುದು ಅಪರೂಪ. ಆ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡೇ ಹೇಳಬೇಕು: ಸಾಕ್ಷ್ಯ ಕೇಳಿದ್ದಕ್ಕಿಂತ ಹೆಚ್ಚನ್ನು ಅವರು ಬಿಟ್ಟುಕೊಟ್ಟರು. ಈ ಪ್ರಬಂಧದ ವಾದ ಇದೇ.

ಮೊದಲು ಪದದ ವಿಚಾರ. ಲೌಕಿಕೀಕರಣವನ್ನು ಸರ್ಕಾರ ಘೋಷಿಸಿಕೊಳ್ಳುವ ಜಾತ್ಯತೀತ ನೀತಿಯೊಂದಿಗೆ ಬೆರೆಸಬಾರದು. ಯಾರೂ ಆಜ್ಞೆ ಹೊರಡಿಸದೆಯೂ ಅದು ಸಮಾಜದಲ್ಲಿ ನಡೆಯಬಹುದು. ಧಾರ್ಮಿಕ ಚಿಂತನೆ, ಆಚರಣೆ ಮತ್ತು ಸಂಸ್ಥೆಗಳು ಸಾಮಾಜಿಕ ಮಹತ್ವ ಕಳೆದುಕೊಳ್ಳುವ ಪ್ರಕ್ರಿಯೆಯೇ ಅದು ಎಂದು ಸಮಾಜಶಾಸ್ತ್ರಜ್ಞ ಬ್ರಯನ್ ವಿಲ್ಸನ್ 1966ರಲ್ಲಿ ವ್ಯಾಖ್ಯಾನಿಸಿದರು. ‘ಸಾಮಾಜಿಕ ಮಹತ್ವ’ ಎಂಬ ಎರಡು ಪದಗಳನ್ನು ಟೀಕಾಕಾರರು ಬಹಳ ಸಲ ನುಂಗಿಹಾಕುತ್ತಾರೆ. ದೇವರನ್ನು ನಂಬುವವರು ಇನ್ನೂ ಇದ್ದಾರೆ ಎಂದು ತೋರಿಸಿದ ಮಾತ್ರಕ್ಕೆ ವಿಲ್ಸನ್ ಸೋಲುವುದಿಲ್ಲ. ಕಾಯಿಲೆ ಬಿದ್ದವರು ವೈದ್ಯರ ಬಳಿಗೆ, ವ್ಯಾಜ್ಯವಿದ್ದವರು ನ್ಯಾಯಾಲಯಕ್ಕೆ, ಓದುವ ಮಕ್ಕಳು ಸರ್ಕಾರಿ ಶಾಲೆಗೆ ಹೋಗುವ ಸಮಾಜದಲ್ಲಿ ನಂಬಿಕೆ ಉಳಿದರೂ ಧರ್ಮಾಧಿಕಾರಿಗಳ ಹಿಡಿತ ಸಡಿಲವಾಗುತ್ತದೆ.

ಹೋಸೆ ಕಸನೋವಾ 1994ರಲ್ಲಿ ಈ ಸಿದ್ಧಾಂತವನ್ನು ಮೂರು ಎಳೆಗಳಾಗಿ ಬಿಡಿಸಿದರು: ರಾಜ್ಯ, ಮಾರುಕಟ್ಟೆ, ವಿಜ್ಞಾನಗಳು ಧರ್ಮದಿಂದ ಬೇರ್ಪಡುವುದು, ನಂಬಿಕೆ ಮತ್ತು ಆಚರಣೆ ಕುಸಿಯುವುದು, ಧರ್ಮ ಖಾಸಗಿ ಬದುಕಿನೊಳಕ್ಕೆ ಸರಿಯುವುದು. ಒಂದು ಎಳೆ ಕಡಿದರೆ ಉಳಿದೆರಡೂ ಕಡಿಯಲೇಬೇಕೆಂದಿಲ್ಲ. ಈ ವಿಂಗಡಣೆ ಇಲ್ಲದೆ ನಡೆದ ಚರ್ಚೆಗಳಲ್ಲಿ ಎರಡೂ ಪಕ್ಷದವರು ತಾವೇ ಗೆದ್ದೆವೆಂದು ಮನೆಗೆ ಹೋಗುತ್ತಾರೆ.

ಮೂರನೆಯ ಎಳೆಯಂತೂ ಕಡಿದಿದೆ. 1979ರಲ್ಲಿ ಇರಾನಿನ ಕ್ರಾಂತಿ ಧರ್ಮಗುರುಗಳನ್ನು ಅಧಿಕಾರಕ್ಕೆ ತಂದಿತು. ಅದೇ ವರ್ಷ ಅಮೆರಿಕದಲ್ಲಿ ‘ಮಾರಲ್ ಮೆಜಾರಿಟಿ’ ಎಂಬ ಸಂಘಟನೆ ಹುಟ್ಟಿ ಕ್ರೈಸ್ತ ಸಂಪ್ರದಾಯಸ್ಥರನ್ನು ಚುನಾವಣಾ ಕಣಕ್ಕೆ ಇಳಿಸಿತು, ಪೋಪ್ ಎರಡನೆಯ ಜಾನ್ ಪಾಲ್ ತಮ್ಮ ತಾಯ್ನಾಡಾದ ಪೋಲೆಂಡಿಗೆ ಭೇಟಿ ಕೊಟ್ಟರು. ಮರುವರ್ಷ ಆಗಸ್ಟಿನಲ್ಲಿ ಗ್ಡಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದಾಗ ಗೇಟಿನ ಸರಳುಗಳಿಗೆ ಹೂಗಳನ್ನೂ ಪೋಪರ ಭಾವಚಿತ್ರವನ್ನೂ ಸಿಕ್ಕಿಸಿದ್ದರು. ಪಾದ್ರಿ ಒಳಗೇ ಪೂಜೆ ನಡೆಸಿದರು. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ಪಕ್ಷದ ವಿರುದ್ಧ ಕಾರ್ಮಿಕರು ಪ್ರಾರ್ಥಿಸುತ್ತ ನಿಂತ ಈ ದೃಶ್ಯ, ಧರ್ಮ ಮನೆಯ ಮೂಲೆ ಸೇರುತ್ತದೆ ಎಂದ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು. ಆದರೆ ಧರ್ಮ ಬೀದಿಗೆ ಬಂದಿತು ಎಂಬುದರಿಂದ ನಂಬುವವರ ಸಂಖ್ಯೆ ಏರಿತು ಎಂದಾಗುವುದಿಲ್ಲ.

ಸಂಖ್ಯೆಯಲ್ಲಿ ನಿಜಕ್ಕೂ ಬೆಳೆದದ್ದೆಂದರೆ, ಪವಿತ್ರಾತ್ಮನ ನೇರ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟಲ್ ಕ್ರೈಸ್ತಧರ್ಮ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಸಭೆಗಳಿಂದ ಹರಡಿದ ಈ ಚಳವಳಿ ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. ಬ್ರೆಜಿಲಿನ ಜನಗಣತಿಯಲ್ಲಿ, ಪೆಂಟೆಕೋಸ್ಟಲರನ್ನೂ ಒಳಗೊಂಡ ಇವಾಂಜೆಲಿಕಲ್ ಕ್ರೈಸ್ತರು 2010ರಲ್ಲಿ ಶೇ 22ರಷ್ಟಿದ್ದರು, 2022ರಲ್ಲಿ ಸುಮಾರು ಶೇ 27. ನಗರೀಕರಣ ಧರ್ಮವನ್ನು ಕರಗಿಸುತ್ತದೆ ಎಂಬ ಹಳೆಯ ಸಮೀಕರಣ ಇಲ್ಲಿ ಕೆಲಸ ಮಾಡುವುದಿಲ್ಲ. ಈ ಸಭೆಗಳು ಬೆಳೆದದ್ದೇ ಮಹಾನಗರಗಳ ಅಂಚಿನಲ್ಲಿ, ಊರು ಬಿಟ್ಟು ಬಂದವರ ನಡುವೆ. ಹಾಗೆಂದು ಇದು ಹಳೆಯ ಲೋಕದ ಮರುಕಳಿಕೆಯೂ ಆಗಲಾರದು. ಅಜ್ಜ ಕ್ಯಾಥೊಲಿಕ್ ಆಗಿ ಹುಟ್ಟಿದರು, ಮೊಮ್ಮಗಳು ಪೆಂಟೆಕೋಸ್ಟಲ್ ಸಭೆಯನ್ನು ಆರಿಸಿಕೊಂಡಳು. ಹುಟ್ಟಿನಿಂದ ಬಂದ ಧರ್ಮ ಆಯ್ಕೆಯ ವಸ್ತುವಾಗುವುದನ್ನೇ ಬರ್ಜರ್ 1960ರ ದಶಕದಲ್ಲಿ ಆಧುನಿಕತೆಯ ಗುರುತು ಎಂದಿದ್ದರು. ಅವರು ಎಡವಿದ್ದು, ಆಯ್ಕೆ ಬಂದೊಡನೆ ನಂಬಿಕೆ ಬಲ ಕಳೆದುಕೊಳ್ಳುತ್ತದೆ ಎಂದುಕೊಂಡಲ್ಲಿ.

ಇನ್ನು ಎಣಿಕೆಯ ಸಮಸ್ಯೆ. ಇದು ಒಣ ವಿಷಯದಂತೆ ಕಂಡರೂ ಇಡೀ ವಾದದ ಕೀಲಿ ಇಲ್ಲಿದೆ ಎಂದು ನನಗನ್ನಿಸುತ್ತದೆ. ಆಧುನಿಕವಾಗಿಯೂ ಧಾರ್ಮಿಕವಾಗಿಯೂ ಇರುವ ದೇಶಕ್ಕೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ ಅಮೆರಿಕ. ಅಲ್ಲಿ ಪ್ರತಿ ವಾರ ಚರ್ಚಿಗೆ ಹೋಗುವವರು ಶೇ 40ರಷ್ಟು ಎಂದು ಸಮೀಕ್ಷೆಗಳು ದಶಕಗಳ ಕಾಲ ಹೇಳುತ್ತಲೇ ಬಂದವು. ಮೂವರು ಸಂಶೋಧಕರಿಗೆ ಅನುಮಾನ ಬಂತು. ಒಹಾಯೊ ರಾಜ್ಯದ ಒಂದು ಕೌಂಟಿಯ ಪ್ರೊಟೆಸ್ಟೆಂಟ್ ಚರ್ಚುಗಳನ್ನೆಲ್ಲ ಅವರು ಹುಡುಕಿ ಪಟ್ಟಿ ಮಾಡಿದರು. ಹಾಜರಾತಿಯ ಲೆಕ್ಕ ಸಿಗದ ಕಡೆ ಭಾನುವಾರ ಹೊರಗೆ ನಿಂತಿದ್ದ ಕಾರುಗಳನ್ನೇ ಎಣಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಜವಾಗಿ ಹೋಗುತ್ತಿದ್ದವರು ಹೋಗುತ್ತೇವೆ ಎಂದವರ ಅರ್ಧದಷ್ಟು ಮಾತ್ರ. ಸುಳ್ಳು ಎಂಬುದು ಇದಕ್ಕೆ ಕಟುವಾದ ಮಾತು. ಒಳ್ಳೆಯವರು ಚರ್ಚಿಗೆ ಹೋಗುತ್ತಾರೆ, ನಾನೂ ಒಳ್ಳೆಯವನು ಎಂಬ ತರ್ಕ ಅದರ ಹಿಂದಿದೆ, ಆ ತರ್ಕವೂ ಧರ್ಮದ ಸಾಮಾಜಿಕ ಬಲಕ್ಕೆ ಸಾಕ್ಷಿ.

ರಷ್ಯಾದ ಪುನರುತ್ಥಾನಕ್ಕೂ ಇದೇ ಎಚ್ಚರಿಕೆ ಬೇಕು. ತಮ್ಮನ್ನು ಆರ್ಥಡಾಕ್ಸ್ ಕ್ರೈಸ್ತರೆಂದು ಕರೆದುಕೊಂಡ ವಯಸ್ಕರು 1991ರಲ್ಲಿ ಶೇ 31, 2008ರಲ್ಲಿ ಶೇ 72. ಬೆರಗಾಗುವ ಏರಿಕೆ. ಆದರೆ ತಿಂಗಳಿಗೊಮ್ಮೆಯಾದರೂ ಪ್ರಾರ್ಥನೆಗೆ ಹೋಗುವವರು ಶೇ 2ರಿಂದ 7ಕ್ಕೆ ಏರಿದರು, ಅಷ್ಟೇ. ಇಲ್ಲಿ ಮರಳಿ ಬಂದದ್ದು ರಾಷ್ಟ್ರೀಯ ಗುರುತು. ಆಚರಣೆ ಅದರ ಹಿಂದೆ ಕುಂಟುತ್ತ ಬಂತು. ಬ್ರಿಟನ್ನಿನ ವಿಷಯದಲ್ಲಿ ಗ್ರೇಸ್ ಡೇವಿ ಹೇಳಿದ್ದು ಇದರ ತಿರುವುಮುರುವು: ಸದಸ್ಯತ್ವವಿಲ್ಲದ ನಂಬಿಕೆ. ಅದು ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗೆ ಜನಗಣತಿ ಉತ್ತರ ಕೊಡುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರೆಂದವರು 2001ರಲ್ಲಿ ಶೇ 71.7, 2021ರಲ್ಲಿ ಶೇ 46.2.

ಇವೆಲ್ಲವನ್ನೂ ಒಟ್ಟಿಗೆ ವಿವರಿಸಬಲ್ಲ ಸಿದ್ಧಾಂತ ಯಾವುದು? ರಾಡ್ನಿ ಸ್ಟಾರ್ಕ್ ಮತ್ತು ಸಂಗಡಿಗರ ಮಾರುಕಟ್ಟೆ ಮಾದರಿ ಪ್ರಕಾರ ಪೈಪೋಟಿ ಇದ್ದಲ್ಲಿ ಧರ್ಮ ಬೆಳೆಯುತ್ತದೆ, ಒಂದೇ ಚರ್ಚಿನ ಏಕಸ್ವಾಮ್ಯವಿದ್ದಲ್ಲಿ ಸೊರಗುತ್ತದೆ. ಅಚ್ಚುಕಟ್ಟಾದ ವಾದ, ಆದರೆ ಕ್ಯಾಥೊಲಿಕರೇ ತುಂಬಿದ್ದ ಪೋಲೆಂಡ್ ಅದಕ್ಕೆ ಬಗ್ಗುವುದಿಲ್ಲ. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗ್ಲ್‌ಹಾರ್ಟ್ 2004ರಲ್ಲಿ ಮುಂದಿಟ್ಟ ವಿವರಣೆ ಹೆಚ್ಚು ಬಾಳಿಕೆಯದು. ಹಸಿವು, ರೋಗ, ಹಿಂಸೆಗಳ ಭಯ ಕಡಿಮೆಯಾದಂತೆ ಧರ್ಮದ ಅಗತ್ಯವೂ ಕಡಿಮೆಯಾಗುತ್ತದೆ. ಆದರೆ ಅಭದ್ರ ಸಮಾಜಗಳಲ್ಲಿ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಹಾಗಾಗಿ ಶ್ರೀಮಂತ ಸಮಾಜಗಳು ಒಂದೊಂದಾಗಿ ಲೌಕಿಕವಾಗುತ್ತಿರುವಾಗಲೇ ಒಟ್ಟು ಜಗತ್ತು ಹೆಚ್ಚು ಧಾರ್ಮಿಕವಾಗಬಹುದು. 1999ರಲ್ಲಿ ಬರ್ಜರ್ ಕಂಡದ್ದು ಒಟ್ಟು ಮೊತ್ತವನ್ನು. ಪಶ್ಚಿಮ ಯುರೋಪನ್ನು ಅವರು ಅಪವಾದವೆಂದು ಬದಿಗಿಟ್ಟರು. 2016ರಲ್ಲಿ ಡೇವಿಡ್ ವೋಸ್ ಮತ್ತು ಮಾರ್ಕ್ ಚೇವ್ಸ್ ತೋರಿಸಿದಂತೆ ಅಮೆರಿಕವೂ ಅದೇ ದಾರಿಯಲ್ಲಿದೆ: ಪ್ರತಿ ತಲೆಮಾರು ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಧಾರ್ಮಿಕ. ಮತಾಂತರದ ಅಬ್ಬರವಿಲ್ಲದೆ, ಅಪ್ಪನ ಜಾಗಕ್ಕೆ ಮಗ ಬರುವಷ್ಟು ನಿಧಾನವಾಗಿ ನಡೆಯುವ ಬದಲಾವಣೆಯಾದ್ದರಿಂದ ಬಹುಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆದರೂ ಭದ್ರತೆಯ ವಾದದಲ್ಲಿ ಒಂದು ತೊಡಕಿದೆ. ಯಾವ ಧರ್ಮಕ್ಕೂ ಸೇರದವರೆಂದು ಹೇಳಿಕೊಳ್ಳುವ ಅಮೆರಿಕನ್ನರ ಪ್ರಮಾಣ 1990ರ ದಶಕದಲ್ಲಿ ಶೇ 7ರಿಂದ 14ಕ್ಕೆ ಜಿಗಿಯಿತು. ಆ ಹತ್ತು ವರ್ಷಗಳಲ್ಲಿ ಬದುಕು ಎರಡು ಪಟ್ಟು ಭದ್ರವಾಗಲಿಲ್ಲ. ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ 2002ರಲ್ಲಿ ಕೊಟ್ಟ ಕಾರಣ ಬೇರೆ: ಚರ್ಚು ಎಂದರೆ ಸಂಪ್ರದಾಯವಾದಿ ರಾಜಕೀಯ ಎಂಬಂತಾದಾಗ, ಆ ರಾಜಕೀಯ ಒಪ್ಪದ, ಮೊದಲೇ ಸಡಿಲವಾಗಿ ಅಂಟಿಕೊಂಡಿದ್ದ ಜನ ಚರ್ಚಿನ ಹೆಸರನ್ನೇ ಬಿಟ್ಟರು. ಇವರಲ್ಲಿ ಬಹಳಷ್ಟು ಮಂದಿ ದೇವರನ್ನು ಬಿಟ್ಟಿರಲಿಲ್ಲ. ಈ ವಿವರಣೆ ಸರಿಯಾದರೆ, 1979ರಲ್ಲಿ ಬೀದಿಗಿಳಿದ ಆ ಪುನರುತ್ಥಾನವನ್ನು ಲೌಕಿಕೀಕರಣದ ವಿರುದ್ಧದ ಪುರಾವೆಗಳ ಪಟ್ಟಿಯಲ್ಲಿಟ್ಟರೆ ಸಾಲದು, ಅದರ ಕಾರಣಗಳ ಪಟ್ಟಿಯಲ್ಲೂ ಬರೆಯಬೇಕಾಗುತ್ತದೆ.